ಹೈಡ್ರೋಮೀಟರ್‌ನ ಎರಡು ಅಳತೆಗಳು: ಮನೆಯ ವೈನ್‌ನಲ್ಲಿ ಆಲ್ಕೋಹಾಲ್ ಎಷ್ಟಿದೆ ಎಂದು ತಿಳಿಯುವ ಬಗೆ

ಮನೆಯಲ್ಲಿ ವೈನ್ ಮಾಡುವವರು ನನ್ನನ್ನು ಹೆಚ್ಚಾಗಿ ಕೇಳುವ ಪ್ರಶ್ನೆ ಒಂದೇ. "ವೈನ್ ಸಿದ್ಧವಾಗಿದೆ, ಹೈಡ್ರೋಮೀಟರ್ ಈಗ ತಂದಿದ್ದೇನೆ, ಇದರಲ್ಲಿ ಆಲ್ಕೋಹಾಲ್ ಎಷ್ಟಿದೆ ಎಂದು ನೋಡುವುದು ಹೇಗೆ?" ಹುದುಗುವಿಕೆ ಮುಗಿದ ಮೇಲೆ ಒಂದೇ ಅಳತೆಯಿಂದ ಅದನ್ನು ಹೇಳಲು ಬರುವುದಿಲ್ಲ. ಯೀಸ್ಟ್ ಹಾಕುವ ಮೊದಲು ಒಂದು ಅಳತೆ, ಹುದುಗುವಿಕೆ ಪೂರ್ತಿ ನಿಂತ ಮೇಲೆ ಇನ್ನೊಂದು ಅಳತೆ, ಹೀಗೆ ಎರಡೂ ಬೇಕು. ಈ ಎರಡರಲ್ಲಿ ಮೊದಲನೆಯದರ ಬಗ್ಗೆ ನನಗೆ ಹೆಚ್ಚು ಕಾಳಜಿ. ಕೊನೆಯ ಅಳತೆ ತಪ್ಪಿದರೆ ನಾಳೆ ಮತ್ತೆ ತೆಗೆಯಬಹುದು. ಮೊದಲನೆಯದು ಯೀಸ್ಟ್ ಕೆಲಸ ಶುರು ಮಾಡಿದ ಕ್ಷಣದಿಂದ ಕೈಗೆ ಸಿಗುವುದಿಲ್ಲ.

ಇಲ್ಲಿ ದ್ರಾಕ್ಷಿ ವೈನ್‌ನ ಒಂದು ಪಾತ್ರೆಯನ್ನು ಮೊದಲಿನಿಂದ ಕೊನೆಯವರೆಗೆ ಹಿಂಬಾಲಿಸುತ್ತೇನೆ. ಜೇನಿನ ಮೀಡ್, ಸೇಬಿನ ಸೈಡರ್, ಬಿಯರ್ ಯಾವುದಾದರೂ ಕ್ರಮ ಇದೇ.

ಉಪಕರಣ ನಿಜವಾಗಿ ಏನನ್ನು ಅಳೆಯುತ್ತದೆ

ಹೈಡ್ರೋಮೀಟರ್ ಎಂದರೆ ತಳದಲ್ಲಿ ಭಾರ ತುಂಬಿದ ಗಾಜಿನ ಬುರುಡೆ, ಅದರ ಮೇಲೆ ಗೆರೆಗಳ ಕಾಗದ ಇಟ್ಟ ಸಣ್ಣ ಗಾಜಿನ ಕೊರಳು. ದ್ರವ ದಟ್ಟವಾಗಿದ್ದಷ್ಟೂ ಅದು ಮೇಲಕ್ಕೆ ತೇಲುತ್ತದೆ, ತೆಳುವಾಗಿದ್ದಷ್ಟೂ ಕೆಳಗೆ ಮುಳುಗುತ್ತದೆ. ಆದ್ದರಿಂದಲೇ ಕೊರಳಿನ ಮೇಲ್ಭಾಗದಲ್ಲಿ ಸಣ್ಣ ಸಂಖ್ಯೆಗಳು, ಕೆಳಭಾಗದಲ್ಲಿ ದೊಡ್ಡ ಸಂಖ್ಯೆಗಳು ಇರುತ್ತವೆ. ಮೊದಲ ಸಲ ನೋಡುವವರು ಇದರಲ್ಲಿ ಎಡವುತ್ತಾರೆ. 1.080 ಮತ್ತು 1.090ರ ನಡುವಿನ ಗೆರೆಗಳನ್ನು ಎಣಿಸುವಾಗ ಮೇಲಿನಿಂದ ಕೆಳಕ್ಕೆ ಎಣಿಸಬೇಕು.

ಶುದ್ಧ ನೀರು 1.000. ಸಕ್ಕರೆ ಕರಗಿದ ರಸ ಅದಕ್ಕಿಂತ ಭಾರ, ಉದಾಹರಣೆಗೆ 1.090. ಯೀಸ್ಟ್ ಆ ಸಕ್ಕರೆಯನ್ನು ತಿಂದು ಆಲ್ಕೋಹಾಲ್ ಮತ್ತು ಇಂಗಾಲದ ಡೈಆಕ್ಸೈಡ್ ಮಾಡುತ್ತದೆ. ಅನಿಲ ಹೊರಹೋಗುತ್ತದೆ, ಆಲ್ಕೋಹಾಲ್ ನೀರಿಗಿಂತ ಹಗುರ, ಹೀಗಾಗಿ ದ್ರವದ ಸಾಂದ್ರತೆ ಇಳಿಯುತ್ತಾ ಬರುತ್ತದೆ. ಎಷ್ಟು ಇಳಿಯಿತು ಎಂಬುದರಿಂದ ಎಷ್ಟು ಸಕ್ಕರೆ ಆಲ್ಕೋಹಾಲ್ ಆಯಿತು ಎಂದು ಲೆಕ್ಕ ಹಾಕುತ್ತೇವೆ. ಉಪಕರಣ ಆಲ್ಕೋಹಾಲನ್ನು ನೋಡುವುದೇ ಇಲ್ಲ, ಸಾಂದ್ರತೆಯನ್ನಷ್ಟೇ ನೋಡುತ್ತದೆ.

ಕೊನೆಯ ಅಳತೆ ಒಂದರಿಂದಲೇ ಉತ್ತರ ಸಿಗದಿರುವ ಕಾರಣವೂ ಇದೇ. ಸಿದ್ಧ ವೈನ್‌ನಲ್ಲಿ ಉಳಿದ ಸಕ್ಕರೆ ಸಾಂದ್ರತೆಯನ್ನು ಮೇಲಕ್ಕೆ ಎಳೆಯುತ್ತದೆ, ಆಲ್ಕೋಹಾಲ್ ಕೆಳಕ್ಕೆ ಎಳೆಯುತ್ತದೆ. ಸಿಹಿಯಿಲ್ಲದ ಸೌಮ್ಯ ವೈನ್ ಮತ್ತು ಸ್ವಲ್ಪ ಸಿಹಿ ಉಳಿದ ಗಡುಸಾದ ವೈನ್ ಎರಡೂ 0.998 ತೋರಿಸಬಹುದು. ಎಲ್ಲಿಂದ ಹೊರಟಿತ್ತು ಎಂದು ತಿಳಿಯದೆ ಎಷ್ಟು ದೂರ ಬಂದಿತು ಎಂದು ಹೇಳಲಾಗದು.

ಕೊಳ್ಳುವಾಗ ಒಂದು ಎಚ್ಚರ ಬೇಕು. ನೋಡಲು ಇದೇ ರೂಪದ ಬೇರೆ ಉಪಕರಣಗಳಿವೆ. ಹಾಲಿನ ಲ್ಯಾಕ್ಟೋಮೀಟರ್‌ನ ಗೆರೆಗಳು ತೀರಾ ಕಿರಿದಾದ ವ್ಯಾಪ್ತಿಯವು, ಬ್ಯಾಟರಿಯ ಆಮ್ಲ ನೋಡುವ ಹೈಡ್ರೋಮೀಟರ್ 1.100ರ ಆಚೆಯ ದ್ರವಕ್ಕೆ ಮಾಡಿದ್ದು. ಇವುಗಳಿಗಿಂತ ಹೆಚ್ಚು ಜನರನ್ನು ದಾರಿ ತಪ್ಪಿಸುವುದು ಆಲ್ಕೋಹಾಲ್‌ಮೀಟರ್. ಅದರ ಮೇಲೆ 0ರಿಂದ 100ರವರೆಗೆ ಶೇಕಡಾ ಬರೆದಿರುತ್ತದೆ, ಆದ್ದರಿಂದ ನೇರವಾಗಿ ಉತ್ತರ ಕೊಡುತ್ತದೆ ಎಂದು ನಂಬುತ್ತಾರೆ. ನೀರು ಮತ್ತು ಆಲ್ಕೋಹಾಲ್ ಬಿಟ್ಟು ಬೇರೇನೂ ಇಲ್ಲದ ಬಟ್ಟಿ ಇಳಿಸಿದ ದ್ರವದಲ್ಲಿ ಮಾತ್ರ ಅದು ಸರಿ. ವೈನ್‌ನಲ್ಲಿ ಹಣ್ಣಿನ ಆಮ್ಲ, ಬಣ್ಣ, ಉಳಿದ ಸಕ್ಕರೆ ಎಲ್ಲ ಇರುವುದರಿಂದ ಅದು ಹೇಳುವ ಸಂಖ್ಯೆಗೆ ಅರ್ಥವಿಲ್ಲ. ನಮಗೆ ಬೇಕಾದದ್ದು ಸುಮಾರು 0.990ರಿಂದ 1.120ರವರೆಗಾದರೂ ಗೆರೆಗಳಿರುವ ವೈನ್ ಮತ್ತು ಬಿಯರ್ ಹೈಡ್ರೋಮೀಟರ್. ಜೊತೆಗೆ ಅದನ್ನು ತೇಲಿಸಲು ಎತ್ತರದ, ಕಿರಿದಾದ ಒಂದು ಅಳತೆ ಜಾಡಿ ಮತ್ತು ಒಂದು ಥರ್ಮಾಮೀಟರ್.

ಮೊದಲು ನೀರಿನಲ್ಲಿ ಪರೀಕ್ಷೆ

ಹೊಸ ಹೈಡ್ರೋಮೀಟರನ್ನು ಒಮ್ಮೆ ನೀರಿನಲ್ಲಿ ತೇಲಿಸಿ ನೋಡದೆ ಬಳಸಬೇಡಿ. ಒಳಗಿನ ಕಾಗದ ಅಂಟು ಬಿಟ್ಟು ಒಂದೆರಡು ಗೆರೆ ಜಾರಿರುವುದು ಅಪರೂಪವಲ್ಲ. ಕಾಗದದ ಮೇಲೆ ಸಣ್ಣ ಅಕ್ಷರದಲ್ಲಿ ಎಷ್ಟು ಡಿಗ್ರಿ ಉಷ್ಣತೆಗೆ ಹೊಂದಿಸಲಾಗಿದೆ ಎಂದು ಬರೆದಿರುತ್ತದೆ. ಈಗ ಸಿಗುವ ಬಹುಪಾಲು ಉಪಕರಣಗಳಲ್ಲಿ ಅದು 20 ಡಿಗ್ರಿ ಸೆಲ್ಸಿಯಸ್, ಕೆಲವು ಹಳೆಯವುಗಳಲ್ಲಿ 60 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 15.6 ಡಿಗ್ರಿ ಸೆಲ್ಸಿಯಸ್. ಆ ಉಷ್ಣತೆಯ ಶುದ್ಧ ನೀರಿನಲ್ಲಿ ಅದು 1.000 ತೋರಿಸಬೇಕು.

ಇಲ್ಲಿ ನಾನೇ ಒಮ್ಮೆ ಮೋಸಹೋದೆ. ಕೋಣೆಯಲ್ಲಿದ್ದ ನೀರಿನಲ್ಲಿ ತೇಲಿಸಿದಾಗ 0.998 ತೋರಿಸಿತು. ಉಪಕರಣವೇ ಸರಿಯಿಲ್ಲ ಎಂದು ತೀರ್ಮಾನಿಸಿ, ಮುಂದಿನ ಎರಡು ತಿಂಗಳು ಪ್ರತಿ ಅಳತೆಗೂ 0.002 ಸೇರಿಸಿಕೊಂಡು ಬಂದೆ. ಅದರ ಮೇಲೆ ಉಷ್ಣತೆಯ ತಿದ್ದುಪಡಿಯನ್ನೂ ಸೇರಿಸುತ್ತಿದ್ದೆ. ನಿಜವಾಗಿ ಆ ದಿನ ನೀರು 28 ಡಿಗ್ರಿ ಇತ್ತು. 28 ಡಿಗ್ರಿಯ ನೀರು 20 ಡಿಗ್ರಿಯ ನೀರಿಗಿಂತ ಸರಿಯಾಗಿ ಅಷ್ಟೇ ಹಗುರ. ಉಪಕರಣ ಸತ್ಯವನ್ನೇ ಹೇಳುತ್ತಿತ್ತು, ನಾನು ಒಂದೇ ತಿದ್ದುಪಡಿಯನ್ನು ಎರಡು ಸಲ ಮಾಡುತ್ತಿದ್ದೆ. ಆದ್ದರಿಂದ ತಣ್ಣೀರು ಬೆರೆಸಿ, ಥರ್ಮಾಮೀಟರ್ ಇಟ್ಟು, ನೀರನ್ನು 20 ಡಿಗ್ರಿಗೆ ತಂದೇ ಈ ಪರೀಕ್ಷೆ ಮಾಡಿ. ಆಗಲೂ 0.998 ಬಂದರೆ ಮಾತ್ರ ಉಪಕರಣದ ದೋಷ. ಅದನ್ನು ಡಬ್ಬಿಯ ಮೇಲೆ ಬರೆದಿಟ್ಟು ಮುಂದಿನ ಎಲ್ಲ ಅಳತೆಗಳಿಗೂ 0.002 ಸೇರಿಸಿ.

ಉಷ್ಣತೆಯ ತಿದ್ದುಪಡಿಗೆ 20 ಡಿಗ್ರಿಯ ಉಪಕರಣಕ್ಕೆ ಇಷ್ಟು ನೆನಪಿದ್ದರೆ ಸಾಕು: 25 ಡಿಗ್ರಿಯಲ್ಲಿ 0.001 ಸೇರಿಸಿ, 28ರಲ್ಲಿ 0.002, 30ರಲ್ಲಿ 0.0025, 35ರಲ್ಲಿ 0.004. 15 ಡಿಗ್ರಿಯಾದರೆ 0.001 ಕಳೆಯಿರಿ. 35 ಡಿಗ್ರಿಗಿಂತ ಬಿಸಿಯಾದ ದ್ರವವನ್ನು ತಿದ್ದುಪಡಿಯಿಂದ ಸರಿಪಡಿಸಲು ಹೋಗದೆ ಆರಲು ಬಿಡಿ. ಕುದಿಸಿದ ಬಿಯರ್ ರಸವನ್ನು ಒಲೆಯಿಂದ ಇಳಿಸಿದ ಕೂಡಲೇ ಅಳೆಯಲು ಹೋದರೆ ಸಂಖ್ಯೆಯೂ ತಪ್ಪುತ್ತದೆ, ತೆಳು ಗಾಜು ಬಿರಿಯುವ ಅಪಾಯವೂ ಇದೆ.

ಮೊದಲ ಅಳತೆ

ಈಗ ನಮ್ಮ ಪಾತ್ರೆಗೆ ಬರೋಣ. ಹಿಂಡಿ ಬಟ್ಟೆಯಲ್ಲಿ ಸೋಸಿದ 5 ಲೀಟರ್ ದ್ರಾಕ್ಷಿ ರಸ ಇದೆ. ಸಿಪ್ಪೆ, ತಿರುಳು ಮತ್ತು ತೇಲುವ ಚೂರುಗಳು ಅಳತೆಯ ಶತ್ರುಗಳು. ಅವು ಹೈಡ್ರೋಮೀಟರ್‌ಗೆ ತಗುಲಿ ಅದನ್ನು ತಡೆದು ನಿಲ್ಲಿಸುತ್ತವೆ. ರಸ ಗಟ್ಟಿಯಾಗಿದ್ದರೆ ಅಳತೆಗೆ ಬೇಕಾದಷ್ಟನ್ನು ಬೇರೆ ತೆಗೆದು ಅರ್ಧ ಗಂಟೆ ಬಿಟ್ಟು, ಮೇಲಿನ ತಿಳಿಯನ್ನು ಮಾತ್ರ ಬಳಸಿ.

ಹೈಡ್ರೋಮೀಟರ್, ಜಾಡಿ, ರಸ ತೆಗೆಯುವ ಸೌಟು ಎಲ್ಲವನ್ನೂ ತೊಳೆದು ಸೋಂಕುರಹಿತಗೊಳಿಸಿ. ಜಾಡಿಗೆ ರಸ ಸುರಿಯಿರಿ. ಹೈಡ್ರೋಮೀಟರನ್ನು ಮೇಲಿನಿಂದ ಬೀಳಿಸದೆ, ಕೊರಳು ಹಿಡಿದು ನಿಧಾನವಾಗಿ ಇಳಿಸಿ, ಎರಡು ಬೆರಳಲ್ಲಿ ಒಮ್ಮೆ ತಿರುಗಿಸಿ ಬಿಡಿ. ಬುರುಡೆಗೆ ಅಂಟಿದ ಗಾಳಿಗುಳ್ಳೆಗಳು ಆ ತಿರುಗುವಿಕೆಯಲ್ಲಿ ಕಳಚಿಕೊಳ್ಳುತ್ತವೆ. ಅದು ಜಾಡಿಯ ಗೋಡೆಗೆ ತಾಗದೆ, ತಳವನ್ನೂ ಮುಟ್ಟದೆ ಸ್ವತಂತ್ರವಾಗಿ ತೇಲಬೇಕು. ನಿಂತ ಮೇಲೆ ಬಗ್ಗಿ, ಕಣ್ಣನ್ನು ದ್ರವದ ಮಟ್ಟಕ್ಕೆ ತನ್ನಿ. ದ್ರವವು ಗಾಜಿಗೆ ಅಂಟಿಕೊಂಡು ಕೊರಳಿನ ಸುತ್ತ ಸ್ವಲ್ಪ ಮೇಲಕ್ಕೆ ಏರಿರುವುದು ಕಾಣುತ್ತದೆ. ಆ ಏರನ್ನು ಲೆಕ್ಕಕ್ಕೆ ಹಿಡಿಯದೆ, ಸಮತಟ್ಟಾದ ಮಟ್ಟ ಗೆರೆಯನ್ನು ಮುಟ್ಟುವಲ್ಲಿ ಓದಿ. ಕೆಲವು ಉಪಕರಣಗಳನ್ನು ಏರಿನ ತುದಿಯಲ್ಲಿ ಓದುವಂತೆ ಮಾಡಿರುತ್ತಾರೆ. ಜೊತೆಗೆ ಬಂದ ಚೀಟಿಯಲ್ಲಿ ಹಾಗೆ ಹೇಳಿದ್ದರೆ ಅದನ್ನೇ ಪಾಲಿಸಿ. ನಿಂತು ಮೇಲಿನಿಂದ ನೋಡಿದರೆ ಎರಡು ಮೂರು ಗೆರೆ ತಪ್ಪುವುದು ಖಂಡಿತ.

ನಮ್ಮ ರಸ 28 ಡಿಗ್ರಿಯಲ್ಲಿ 1.062 ತೋರಿಸಿತು. ಉಷ್ಣತೆಗೆ 0.002 ಸೇರಿಸಿದರೆ 1.064. ಯೀಸ್ಟ್ ಹಾಕುವ ಮೊದಲಾದ್ದರಿಂದ, ಜಾಡಿ ಶುಚಿಯಾಗಿದ್ದರೆ ಈ ರಸವನ್ನು ಪಾತ್ರೆಗೆ ಮರಳಿ ಸುರಿಯಬಹುದು.

1.064 ಇದ್ದಂತೆಯೇ ಹುದುಗಿಸಿದರೆ ಶೇಕಡಾ 9ರ ಆಸುಪಾಸಿನ ವೈನ್ ಆಗುತ್ತದೆ. ನನಗೆ 1.090 ಬೇಕಿತ್ತು, ಆದ್ದರಿಂದ ಸಕ್ಕರೆ ಸೇರಿಸಬೇಕು. ಒಂದು ಲೀಟರ್ ದ್ರವದಲ್ಲಿ 0.001 ಏರಿಸಲು ಸುಮಾರು 2.6 ಗ್ರಾಂ ಸಕ್ಕರೆ ಬೇಕು. 0.026 ಏರಿಸಲು 5 ಲೀಟರ್‌ಗೆ 340 ಗ್ರಾಂ ಎಂದು ಲೆಕ್ಕ ಬರುತ್ತದೆ. ಆದರೆ ಸಕ್ಕರೆ ಕರಗಿದಾಗ ರಸದ ಪ್ರಮಾಣವೂ ಹೆಚ್ಚುತ್ತದೆ, ಒಂದು ಕಿಲೋ ಸಕ್ಕರೆ ಸುಮಾರು 620 ಮಿಲಿಲೀಟರ್ ಜಾಗ ಹಿಡಿಯುತ್ತದೆ. ಅದನ್ನೂ ಸೇರಿಸಿ ನೋಡಿದರೆ ಬೇಕಾದದ್ದು 400 ಗ್ರಾಂ, ಆಮೇಲೆ ಪಾತ್ರೆಯಲ್ಲಿರುವುದು 5.25 ಲೀಟರ್.

400 ಗ್ರಾಂ ಸುರಿದು, ಒಂದು ನಿಮಿಷ ಕಲಕಿ, ಮೇಲಿನಿಂದ ರಸ ತೆಗೆದು ಅಳೆದೆ. ಹೈಡ್ರೋಮೀಟರ್ 1.074 ತೋರಿಸಿತು. ಉಷ್ಣತೆಯ ತಿದ್ದುಪಡಿ ಸೇರಿ 1.076. ಅದನ್ನೇ ಬರೆದುಕೊಂಡು ಯೀಸ್ಟ್ ಹಾಕಿಬಿಡುವವರು ಬಹಳ ಮಂದಿ. ಆದರೆ ಲೆಕ್ಕ 1.090 ಬರಬೇಕು ಎನ್ನುತ್ತಿರುವಾಗ 1.076 ಬಂದರೆ, ಅರ್ಧದಷ್ಟು ಸಕ್ಕರೆ ಎಲ್ಲೋ ಅಡಗಿದೆ ಎಂದರ್ಥ. ಮರದ ಸೌಟನ್ನು ಪಾತ್ರೆಯ ತಳಕ್ಕೆ ಒತ್ತಿ ಎಳೆದಾಗ ಕರಕರ ಎಂದಿತು. ಕರಗದ ಸಕ್ಕರೆ ಬೆರಳಿನ ದಪ್ಪಕ್ಕೆ ತಳದಲ್ಲಿ ಕುಳಿತಿತ್ತು. ಸದ್ದು ನಿಲ್ಲುವವರೆಗೆ ಕಲಕಿ, ಹತ್ತು ನಿಮಿಷ ಬಿಟ್ಟು, ಮತ್ತೆ ಕಲಕಿ, ಈ ಸಲ ಪಾತ್ರೆಯ ನಡುಭಾಗದಿಂದ ರಸ ತೆಗೆದೆ. 1.088 ಬಂತು, ತಿದ್ದಿದರೆ 1.090. ಈಗ ಸರಿ.

ಅಳೆಯುವ ಮುನ್ನವೇ ಎಷ್ಟು ಬರಬೇಕು ಎಂದು ಲೆಕ್ಕ ಹಾಕಿಡುವ ಈ ಅಭ್ಯಾಸ ನನ್ನನ್ನು ಉಳಿಸಿದಷ್ಟು ಬೇರೆ ಯಾವುದೂ ಉಳಿಸಿಲ್ಲ. ಜೇನು ಹಾಕುವವರಿಗೆ ಇದು ಇನ್ನೂ ಮುಖ್ಯ, ಏಕೆಂದರೆ ಜೇನು ನೀರಿನ ಕೆಳಗೆ ಪದರವಾಗಿ ನಿಲ್ಲುತ್ತದೆ, ಕಲಕಿದಂತೆ ಕಂಡರೂ ಬೆರೆತಿರುವುದಿಲ್ಲ. ಒಣದ್ರಾಕ್ಷಿ ಅಥವಾ ಇಡಿಯ ಹಣ್ಣಿನ ಹೋಳುಗಳನ್ನು ಹಾಕಿದ್ದರೆ ಕಷ್ಟ ಬೇರೆಯದು. ಅವುಗಳೊಳಗಿನ ಸಕ್ಕರೆ ಹೊರಬರಲು ದಿನಗಳೇ ಬೇಕು, ಅಷ್ಟರಲ್ಲಿ ಹುದುಗುವಿಕೆ ಶುರುವಾಗಿರುತ್ತದೆ. ಆಗ ಮೊದಲ ಅಳತೆ ನಿಜಕ್ಕಿಂತ ಕಡಿಮೆ ಬರುತ್ತದೆ, ಕೊನೆಯಲ್ಲಿ ಸಿಗುವ ಶೇಕಡಾ ಕೂಡ ನಿಜಕ್ಕಿಂತ ಕಡಿಮೆ ಎಂದು ತಿಳಿದಿರಬೇಕು.

ನೋಟ್‌ಪುಸ್ತಕದಲ್ಲಿ ದಿನಾಂಕ, ಓದಿದ ಸಂಖ್ಯೆ, ಉಷ್ಣತೆ, ತಿದ್ದಿದ ಸಂಖ್ಯೆ ನಾಲ್ಕನ್ನೂ ಬರೆಯಿರಿ. ತಿದ್ದಿದ ಸಂಖ್ಯೆಯನ್ನು ಮಾತ್ರ ಬರೆದರೆ ತಿಂಗಳ ನಂತರ ತಿದ್ದಿದ್ದೇನೋ ಇಲ್ಲವೋ ಎಂಬ ಅನುಮಾನ ಬರುತ್ತದೆ. ಈ ಮೊದಲ ಅಳತೆಗೆ ವೈನ್ ಮತ್ತು ಬಿಯರ್ ಮಾಡುವವರು ಓಜಿ ಎನ್ನುತ್ತಾರೆ, ಕೊನೆಯದಕ್ಕೆ ಎಫ್‌ಜಿ.

ಹುದುಗುವಿಕೆ ನಿಂತಿದೆ ಎಂದು ತಿಳಿಯುವುದು ಹೇಗೆ

ಅನಿಲವನ್ನು ಹೊರಬಿಟ್ಟು ಗಾಳಿಯನ್ನು ಒಳಬಿಡದ ಏರ್‌ಲಾಕ್‌ನಲ್ಲಿ ಗುಳ್ಳೆ ನಿಂತರೆ ಹುದುಗುವಿಕೆ ಮುಗಿಯಿತು ಎಂಬ ನಂಬಿಕೆ ಬಹಳ ಕಡೆ ಇದೆ. ಮುಚ್ಚಳ ಸರಿಯಾಗಿ ಕೂರದಿದ್ದರೆ ಅನಿಲ ಬೇರೆ ಸಂದಿಯಿಂದ ಹೋಗುತ್ತದೆ, ಗುಳ್ಳೆ ಕಾಣುವುದಿಲ್ಲ. ಇನ್ನೊಂದು ಕಡೆ, ಹುದುಗುವಿಕೆ ಮುಗಿದ ಮೇಲೂ ಬಿಸಿಲೇರಿದ ದಿನ ದ್ರವದಲ್ಲಿ ಕರಗಿದ್ದ ಅನಿಲ ಹೊರಬಂದು ಗುಳ್ಳೆ ಏಳುತ್ತದೆ. ಗುಳ್ಳೆಯನ್ನು ನೋಡಿ ಏನನ್ನೂ ತೀರ್ಮಾನಿಸಬೇಡಿ.

ನಮ್ಮ ಪಾತ್ರೆಯಲ್ಲಿ 8ನೇ ದಿನ ಏರ್‌ಲಾಕ್ ಶಾಂತವಾಗಿತ್ತು. ಅಳೆದರೆ ತಿದ್ದುಪಡಿ ಸೇರಿ 1.014. ಆ ದಿನವೇ ಬಾಟಲಿಗೆ ತುಂಬಿ ಬಿಗಿಯಾಗಿ ಮುಚ್ಚಿದ್ದರೆ ಏನಾಗುತ್ತಿತ್ತು ಎಂದು ಲೆಕ್ಕ ಹಾಕಿ ನೋಡಿ. ಇದು ಕೊನೆಗೆ 0.996ಕ್ಕೆ ಇಳಿಯಿತು, ಅಂದರೆ ಇನ್ನೂ ಲೀಟರ್‌ಗೆ ಸುಮಾರು 38 ಗ್ರಾಂ ಸಕ್ಕರೆ ಹುದುಗಲು ಬಾಕಿ ಇತ್ತು. ಷಾಂಪೇನ್ ಮಾಡುವವರು ಬಾಟಲಿಯೊಳಗಿನ ಹುದುಗುವಿಕೆಗೆ ಲೀಟರ್‌ಗೆ ಸುಮಾರು 24 ಗ್ರಾಂ ಸಕ್ಕರೆ ಹಾಕುತ್ತಾರೆ. ಅದು ಕೊಡುವ ಒತ್ತಡವನ್ನು ತಡೆಯಲು ದಪ್ಪ ಗಾಜಿನ ಭಾರದ ಬಾಟಲಿ, ತಂತಿ ಬಿಗಿದ ಕಾರ್ಕ್ ಬೇಕಾಗುತ್ತದೆ. ಅದರ ಒಂದೂವರೆ ಪಟ್ಟು ಸಕ್ಕರೆ ಸಾಧಾರಣ ಬಾಟಲಿಯಲ್ಲಿ ಹುದುಗಿದರೆ ಗಾಜು ಸಿಡಿಯುತ್ತದೆ, ಹತ್ತಿರ ಇದ್ದವರ ಕಣ್ಣಿಗೂ ಮುಖಕ್ಕೂ ಅಪಾಯ. ಆಲ್ಕೋಹಾಲ್ ಶೇಕಡಾ ಎಷ್ಟು ಎಂಬ ಕುತೂಹಲವಿಲ್ಲದವರೂ ಈ ಒಂದು ಕಾರಣಕ್ಕೆ ಹೈಡ್ರೋಮೀಟರ್ ಇಟ್ಟುಕೊಳ್ಳಲೇಬೇಕು ಎಂದು ನಾನು ಹೇಳುತ್ತೇನೆ.

ನಿಂತಿದೆ ಎನ್ನಲು ನಿಯಮ ಸರಳ: ಮೂರು ದಿನದ ಅಂತರದಲ್ಲಿ ತೆಗೆದ ಎರಡು ಅಳತೆಗಳು ಒಂದೇ ಇರಬೇಕು, ಮತ್ತು ಆ ಸಂಖ್ಯೆ ನಂಬುವಂತಿರಬೇಕು. ಸಿಹಿಯಿಲ್ಲದ ವೈನ್ ಸಾಮಾನ್ಯವಾಗಿ 0.990 ಮತ್ತು 0.998ರ ನಡುವೆ ನಿಲ್ಲುತ್ತದೆ. ನೀರಿಗಿಂತ ಕಡಿಮೆ ಸಂಖ್ಯೆ ಬಂತೆಂದು ಗಾಬರಿಯಾಗಬೇಡಿ, ಅದು ಆಲ್ಕೋಹಾಲ್ ಮಾಡಿದ ಕೆಲಸ. ಬಿಯರ್‌ನಲ್ಲಿ ಯೀಸ್ಟ್ ತಿನ್ನಲಾಗದ ಸಕ್ಕರೆಗಳು ಉಳಿಯುವುದರಿಂದ ಅದು ಹೆಚ್ಚಾಗಿ 1.008ರಿಂದ 1.016ರ ನಡುವೆ ನಿಲ್ಲುತ್ತದೆ. ನಮ್ಮಂಥ ವೈನ್ 1.030ರಲ್ಲಿ ಎರಡು ಸಲ ಒಂದೇ ಸಂಖ್ಯೆ ತೋರಿಸಿದರೆ ಅದು ಮುಗಿದದ್ದಲ್ಲ, ಚಳಿಯಿಂದಲೋ ಪೋಷಕಾಂಶ ಸಾಲದೆಯೋ ಯೀಸ್ಟ್ ನಡುದಾರಿಯಲ್ಲಿ ಸೋತದ್ದು. ಅದು ಬಾಟಲಿಯೊಳಗೆ ಬೆಚ್ಚಗಾದ ದಿನ ಮತ್ತೆ ಏಳಬಹುದು.

ಕೊನೆಯ ಅಳತೆಯಲ್ಲಿ ಹೆಚ್ಚಾಗಿ ಆಗುವ ತಪ್ಪು ಅನಿಲದ್ದು. ಹೊಸ ವೈನ್‌ನಲ್ಲಿ ಇಂಗಾಲದ ಡೈಆಕ್ಸೈಡ್ ಬೇಕಾದಷ್ಟು ಕರಗಿರುತ್ತದೆ. ಜಾಡಿಗೆ ಸುರಿದ ಕೂಡಲೇ ಸಣ್ಣ ಗುಳ್ಳೆಗಳು ಹೈಡ್ರೋಮೀಟರ್‌ನ ಬುರುಡೆಯನ್ನು ಹಿಡಿದು ಮೇಲಕ್ಕೆ ಎತ್ತುತ್ತವೆ. ತಿರುಗಿಸಿ ಬಿಟ್ಟರೆ ಕೆಳಗಿಳಿದು, ನೋಡುತ್ತಿದ್ದಂತೆ ಮತ್ತೆ ನಿಧಾನವಾಗಿ ಏರುತ್ತದೆ. ಹಾಗೆ ಏರುತ್ತಿರುವುದು ಕಂಡರೆ ಅನಿಲ ಉಳಿದಿದೆ ಎಂದೇ ಅರ್ಥ. ಅಳತೆಯ ವೈನನ್ನು ಅರ್ಧ ತುಂಬಿದ ಬಾಟಲಿಯಲ್ಲಿ ಕುಲುಕಿ, ಮುಚ್ಚಳ ತೆರೆದು ಅನಿಲ ಬಿಟ್ಟು, ಮತ್ತೆ ಕುಲುಕಿ; ಇಲ್ಲವೇ ಎರಡು ಲೋಟಗಳ ನಡುವೆ ಹತ್ತಿಪ್ಪತ್ತು ಸಲ ಎತ್ತರದಿಂದ ಸುರಿದು, ನೊರೆ ಇಳಿದ ಮೇಲೆ ಅಳೆಯಿರಿ.

ಅಳೆದ ಈ ವೈನನ್ನು ಪಾತ್ರೆಗೆ ಮರಳಿ ಹಾಕಬೇಡಿ. ಕುಲುಕಿದಾಗ ಗಾಳಿ ಬೆರೆತಿದೆ, ಸೋಂಕಿನ ಭಯವೂ ಇದೆ. ಪ್ರತಿ ಸಲ 200 ಮಿಲಿಲೀಟರ್‌ನಷ್ಟು ಹೋಗುವುದರಿಂದ ದಿನವೂ ಅಳೆಯುವ ಆಸೆಯನ್ನು ಹಿಡಿದಿಡಬೇಕು. ನಾನು 8, 12, 16 ಮತ್ತು 19ನೇ ದಿನಗಳಲ್ಲಿ ಅಳೆದೆ. ಕೊನೆಯ ಎರಡು ದಿನ ಎರಡೂ ಸಲ 28 ಡಿಗ್ರಿಯಲ್ಲಿ 0.994, ತಿದ್ದಿದರೆ 0.996. ಹುದುಗುವಿಕೆ ನಿಂತಿತ್ತು.

ಲೆಕ್ಕ

ಎಲ್ಲರೂ ಬಳಸುವ ಸೂತ್ರ ಇದು. ಇದರಲ್ಲಿ ABV ಎಂದರೆ ಪ್ರಮಾಣದ ಲೆಕ್ಕದಲ್ಲಿ ಆಲ್ಕೋಹಾಲ್‌ನ ಶೇಕಡಾ, OG ಎಂದರೆ ಓಜಿ, FG ಎಂದರೆ ಎಫ್‌ಜಿ:

```
ABV = (OG - FG) * 131.25
```

ನಮ್ಮ ಪಾತ್ರೆಗೆ 1.090ರಿಂದ 0.996 ಕಳೆದರೆ 0.094. ಅದನ್ನು 131.25ರಿಂದ ಗುಣಿಸಿದರೆ 12.3. ಅಂದರೆ ಪ್ರಮಾಣದ ಲೆಕ್ಕದಲ್ಲಿ ಶೇಕಡಾ 12.3 ಆಲ್ಕೋಹಾಲ್.

ಈಗ ಸಕ್ಕರೆ ತಳದಲ್ಲಿ ಕುಳಿತಿದ್ದಾಗ ಬಂದ 1.076ನ್ನೇ ನಂಬಿದ್ದರೆ? ವ್ಯತ್ಯಾಸ 0.080, ಉತ್ತರ 10.5. ಪಾತ್ರೆಯಲ್ಲಿ ಇರುವ ವೈನ್ ಅದೇ, ಲೇಬಲ್ ಮೇಲೆ ಮಾತ್ರ ಸುಮಾರು ಎರಡು ಶೇಕಡಾ ಕಡಿಮೆ. ಸೌಮ್ಯವಾದದ್ದು ಎಂದು ನಂಬಿ ಒಂದು ಲೋಟ ಹೆಚ್ಚು ಕುಡಿಯುವವರಿಗೆ ಆ ಎರಡು ಶೇಕಡಾ ಸಣ್ಣದಲ್ಲ. ಇದರ ಜೊತೆ ಹೋಲಿಸಿದರೆ ಒಂದು ಗೆರೆ ಆಚೀಚೆ ಓದಿದ ತಪ್ಪು ಅತ್ಯಲ್ಪ: 0.002 ತಪ್ಪಿದರೆ ಉತ್ತರದಲ್ಲಿ ಕಾಲು ಶೇಕಡಾ ಮಾತ್ರ ವ್ಯತ್ಯಾಸ.

ಮೇಲಿನ ಸೂತ್ರ ಬಿಯರ್‌ನ ಮಟ್ಟಕ್ಕೆ ಚೆನ್ನಾಗಿ ಹೊಂದುತ್ತದೆ. ಮೊದಲ ಅಳತೆ 1.070 ದಾಟಿದ ವೈನ್ ಮತ್ತು ಮೀಡ್‌ಗಳಲ್ಲಿ ಅದು ನಿಜಕ್ಕಿಂತ ಸ್ವಲ್ಪ ಕಡಿಮೆ ಹೇಳುತ್ತದೆ. ಅದಕ್ಕಾಗಿ ಇನ್ನೊಂದು ಸೂತ್ರವಿದೆ:

```
ABV = 76.08 * (OG - FG) / (1.775 - OG) * (FG / 0.794)
```

ನಮ್ಮ ಸಂಖ್ಯೆಗಳನ್ನು ಇಟ್ಟರೆ 13.1 ಬರುತ್ತದೆ. ಒಂದು ಸೂತ್ರ 12.3, ಇನ್ನೊಂದು 13.1 ಎಂದರೆ ಯಾವುದನ್ನು ನಂಬುವುದು? ಎರಡೂ ಅಂದಾಜುಗಳೇ. ಮನೆಯ ಹೈಡ್ರೋಮೀಟರ್‌ನಿಂದ ಅರ್ಧ ಶೇಕಡಾಕ್ಕಿಂತ ಸೂಕ್ಷ್ಮವಾದ ಉತ್ತರ ನಿರೀಕ್ಷಿಸಬಾರದು. ನಾನು ನಡುವಿನದನ್ನು ಹಿಡಿದು, "ಸುಮಾರು 12.5" ಎಂದು ಬರೆಯುತ್ತೇನೆ. ಲೇಬಲ್ ಮೇಲೆ 12.34 ಎಂದು ಬರೆಯುವುದು ಉಪಕರಣಕ್ಕೆ ಇಲ್ಲದ ನಿಖರತೆಯನ್ನು ಅದರ ಮೇಲೆ ಹೊರಿಸಿದಂತೆ.

ಹುದುಗುವಿಕೆಯ ನಡುವೆ ಮತ್ತೆ ಸಕ್ಕರೆ ಸೇರಿಸಿದವರು ಒಂದು ಹೆಜ್ಜೆ ಹೆಚ್ಚು ಇಡಬೇಕು. ಆ ಸಕ್ಕರೆ ಎಷ್ಟು ಏರಿಸುತ್ತಿತ್ತು ಎಂದು ಲೆಕ್ಕ ಹಾಕಿ ಅದನ್ನು ಮೊದಲ ಅಳತೆಗೆ ಸೇರಿಸಬೇಕು. 5 ಲೀಟರ್‌ಗೆ 100 ಗ್ರಾಂ ಹಾಕಿದ್ದರೆ ಲೀಟರ್‌ಗೆ 20 ಗ್ರಾಂ, ಅಂದರೆ ಸುಮಾರು 0.008. ಮೊದಲ ಅಳತೆ 1.090 ಇದ್ದದ್ದು ಲೆಕ್ಕಕ್ಕೆ 1.098 ಆಗುತ್ತದೆ.

ಮೊದಲ ಅಳತೆಯೇ ಇಲ್ಲದಿದ್ದರೆ

ಬಳಸಿದ ರಸ ಮತ್ತು ಸಕ್ಕರೆಯ ತೂಕ ನೆನಪಿದ್ದರೆ ಮೇಲಿನ 2.6 ಗ್ರಾಂ ಲೆಕ್ಕದಿಂದ ಓಜಿಯನ್ನು ಮರಳಿ ಕಟ್ಟಬಹುದು. ಅದೂ ಇಲ್ಲದವರಿಗೆ ಒಂದು ಒರಟು ದಾರಿ ಉಳಿದಿದೆ. ಅನಿಲ ತೆಗೆದ 200 ಮಿಲಿಲೀಟರ್ ವೈನನ್ನು ಅಳೆದು, ಗಾಳಿಯಾಡುವ ಜಾಗದಲ್ಲಿ, ಬೆಂಕಿಯ ಜ್ವಾಲೆ ಇಲ್ಲದ ವಿದ್ಯುತ್ ಒಲೆಯ ಮೇಲೆ ಅರ್ಧಕ್ಕೆ ಇಳಿಯುವವರೆಗೆ ಕುದಿಸಿ. ಆಲ್ಕೋಹಾಲ್ ಬಹುಪಾಲು ಹೋಗುತ್ತದೆ, ಸಕ್ಕರೆ ಮತ್ತು ಆಮ್ಲ ಉಳಿಯುತ್ತವೆ. ಆರಿದ ಮೇಲೆ ನೀರು ಸೇರಿಸಿ ಸರಿಯಾಗಿ 200 ಮಿಲಿಲೀಟರ್‌ಗೆ ತಂದು, ಮೊದಲಿನ ಉಷ್ಣತೆಯಲ್ಲೇ ಮತ್ತೆ ಅಳೆಯಿರಿ. ನಮ್ಮ ವೈನ್‌ನಲ್ಲಿ 0.996 ಇದ್ದದ್ದು ಸುಮಾರು 1.012ಕ್ಕೆ ಏರಿತು. ಈ ಮಟ್ಟದಲ್ಲಿ ಪ್ರತಿ 0.0013 ಏರಿಕೆಗೆ ಒಂದು ಶೇಕಡಾ ಎಂದು ಹಿಡಿದರೆ 0.016ಕ್ಕೆ ಸುಮಾರು 12 ಬರುತ್ತದೆ. ಆದರೆ ಇಲ್ಲಿ ಒಂದೇ ಗೆರೆ ತಪ್ಪಿದರೂ ಉತ್ತರ ಒಂದು ಶೇಕಡಾಕ್ಕಿಂತ ಹೆಚ್ಚು ಅಲುಗಾಡುತ್ತದೆ. ತೀರಾ ಬೇಕಾದಾಗ ಮಾತ್ರ ಈ ದಾರಿ.

ಬೆಳಕು ಎಷ್ಟು ಬಾಗುತ್ತದೆ ಎಂದು ನೋಡಿ ಸಕ್ಕರೆ ಅಳೆಯುವ ರಿಫ್ರಾಕ್ಟೋಮೀಟರ್ ಇರುವವರು ಅದನ್ನು ಮೊದಲ ಅಳತೆಗೆ ಧಾರಾಳವಾಗಿ ಬಳಸಬಹುದು, ಎರಡು ಹನಿ ಸಾಕು. ಹುದುಗಿದ ಮೇಲೆ ಅದರೊಳಗೆ ಆಲ್ಕೋಹಾಲ್ ಬೆಳಕನ್ನು ಬೇರೆ ರೀತಿ ಬಾಗಿಸುವುದರಿಂದ ನೇರವಾಗಿ ಓದಿದ ಸಂಖ್ಯೆ ತಪ್ಪಾಗಿರುತ್ತದೆ.

ಬಾಟಲಿಗೆ ಹೋಗುವ ಮುನ್ನ

ಅನೇಕರು ಕೊನೆಯಲ್ಲಿ ಸಿಹಿ ಸೇರಿಸುತ್ತಾರೆ. ಕೊನೆಯ ಅಳತೆಯನ್ನು ಅದಕ್ಕೆ ಮೊದಲೇ ತೆಗೆದಿರಬೇಕು. ಸಕ್ಕರೆ ಪಾಕ ಹಾಕಿದ ಮೇಲೆ ಅಳೆದರೆ ಸಂಖ್ಯೆ ಏರಿ, ಆಲ್ಕೋಹಾಲ್ ಕಡಿಮೆಯಾದಂತೆ ಸುಳ್ಳು ಲೆಕ್ಕ ಬರುತ್ತದೆ. ನಿಜವಾಗಿ ಆಗುವುದು ತೆಳುವಾಗುವಿಕೆ ಮಾತ್ರ. ಗಸಿ ಮತ್ತು ಅಳತೆಗೆ ಹೋದದ್ದು ಕಳೆದು ನಮ್ಮಲ್ಲಿ ಉಳಿದದ್ದು 4 ಲೀಟರ್. ಅದಕ್ಕೆ 250 ಮಿಲಿಲೀಟರ್ ಪಾಕ ಸೇರಿಸಿದರೆ 4.25 ಲೀಟರ್. 12.5ನ್ನು 4ರಿಂದ ಗುಣಿಸಿ 4.25ರಿಂದ ಭಾಗಿಸಿದರೆ 11.8. ಲೇಬಲ್ ಮೇಲೆ ಹೋಗಬೇಕಾದದ್ದು ಆ ಸಂಖ್ಯೆ. ಹಾಗೆ ಸೇರಿಸಿದ ಸಿಹಿಯನ್ನು ಯೀಸ್ಟ್ ಬಿಡುವುದಿಲ್ಲ ಎಂಬುದೂ ನೆನಪಿರಲಿ. ಪೊಟ್ಯಾಸಿಯಂ ಸಾರ್ಬೇಟ್ ಮತ್ತು ಸಲ್ಫೈಟ್ ಹಾಕಿ ಯೀಸ್ಟನ್ನು ತಡೆದಿರಬೇಕು, ಇಲ್ಲವೇ ಬಾಟಲಿಗಳನ್ನು ಫ್ರಿಜ್‌ನಲ್ಲೇ ಇಟ್ಟು ಬೇಗ ಮುಗಿಸಬೇಕು.

ಹೈಡ್ರೋಮೀಟರ್ ಎಂದಾದರೂ ಒಡೆಯುತ್ತದೆ, ಅದರ ಗಾಜು ಅಷ್ಟು ತೆಳು. ಪಾತ್ರೆಯೊಳಗೇ ತೇಲಿಸುವ ಬದಲು ಜಾಡಿಯಲ್ಲಿ ಅಳೆಯಿರಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ. ಜಾಡಿಯಲ್ಲಿ ಒಡೆದರೆ ಹೋಗುವುದು 200 ಮಿಲಿಲೀಟರ್. ಪಾತ್ರೆಯಲ್ಲಿ ಒಡೆದರೆ ಗಾಜಿನ ಪುಡಿಯೂ ಒಳಗಿದ್ದ ಲೋಹದ ಗುಂಡುಗಳೂ ವೈನ್‌ಗೆ ಸೇರುತ್ತವೆ. ಆ ಗುಂಡುಗಳು ಸೀಸದ್ದಾಗಿರಬಹುದು. ಆಗ ಸೋಸಿ ಉಳಿಸಲು ಹೋಗಬೇಡಿ, ಪೂರ್ತಿ ಚೆಲ್ಲಿಬಿಡಿ.